ಕೂಡದ ಲೆಕ್ಕ: 5.4 ಎಲ್ಲಿಂದ ಬಂತು?

ಆ ಮೇಷ್ಟ್ರು ನಿವೃತ್ತರಾಗಿ ಆಗಲೇ ಏಳೆಂಟು ವರ್ಷವಾಗಿತ್ತು. ಗಣಿತ ಕಲಿಸಿದವರು. ನಾನು ಕೆಲಸ ಮಾಡುವ ಲ್ಯಾಬಿಗೆ ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದರು. ಒಂದು ದಿನ ರಿಪೋರ್ಟ್ ಕೈಗೆ ತೆಗೆದುಕೊಂಡವರು ಹೊರಡಲಿಲ್ಲ. ಚೀಲದಿಂದ ಗೆರೆ ಹಾಕಿದ ನೋಟ್‌ಬುಕ್ ತೆಗೆದು ಕೌಂಟರಿನ ಮೇಲಿಟ್ಟು, "ಅಮ್ಮಾ, ಈ ಲೆಕ್ಕ ಕೂಡ್ತಾ ಇಲ್ಲ ನೋಡು" ಅಂದರು.

ನೋಟ್‌ಬುಕ್ಕಿನಲ್ಲಿ ಮನೆಯ ಮೀಟರಿನಲ್ಲಿ ನೋಡಿಕೊಂಡ ಶುಗರ್ ಇತ್ತು. ಎಡಗಡೆ ಖಾಲಿ ಹೊಟ್ಟೆಯದು: 158, 162, 149. ಬಲಗಡೆ ಊಟವಾಗಿ ಎರಡು ಗಂಟೆಗೆ ನೋಡಿದ್ದು: 236, 251, 228. ಹೀಗೇ ಪುಟಗಟ್ಟಲೆ, ಒಂದು ದಿನವೂ ತಪ್ಪದೆ. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಸರಾಸರಿ. ಹೆಚ್ಚುಕಡಿಮೆ ಎಲ್ಲ ಪುಟದಲ್ಲೂ 200ರ ಆಸುಪಾಸು. ಆದರೆ ನಾವು ಕೊಟ್ಟ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯ ಅಳತೆ, ಎಷ್ಟಿತ್ತು ಗೊತ್ತೆ? 5.4. ಸಕ್ಕರೆ ಕಾಯಿಲೆಯೇ ಇಲ್ಲದವರಿಗೆ ಬರುವ ಅಂಕಿ. ಹಿಂದಿನ ಎರಡು ರಿಪೋರ್ಟಿನಲ್ಲೂ ಅದೇ ಕಥೆ, ಒಂದರಲ್ಲಿ 5.3, ಇನ್ನೊಂದರಲ್ಲಿ 5.5.

ನಾನು ಆಗ ಹೇಳಿದ ಮಾತು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. "ನಿಮ್ಮ ಮೀಟರ್ ಸರಿಯಿಲ್ಲ ಅನ್ಸುತ್ತೆ ಸರ್. ಎ1ಸಿ ಅಂದ್ರೆ ಮೂರು ತಿಂಗಳ ಸರಾಸರಿ. ಅದನ್ನೇ ನಂಬಿ" ಅಂದೆ. ವರ್ಷಗಳಿಂದ ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬಾಯಿಪಾಠವಾಗಿದ್ದ ವಾಕ್ಯ. ಮೇಷ್ಟ್ರು ವಾದ ಮಾಡಲಿಲ್ಲ. ಮುಂದಿನ ವಾರ ಬೆಳಿಗ್ಗೆ ಮೀಟರನ್ನೇ ಹಿಡಿದುಕೊಂಡು ಬಂದರು. ನಮ್ಮ ಹುಡುಗ ತೋಳಿನಿಂದ ರಕ್ತ ತೆಗೆಯುತ್ತಿರುವಾಗಲೇ ಇನ್ನೊಂದು ಕೈಯ ಬೆರಳಿಗೆ ತಾವೇ ಚುಚ್ಚಿಕೊಂಡರು. ಮೀಟರ್ 178 ತೋರಿಸಿತು. ನಮ್ಮ ಮಷೀನು 171 ಕೊಟ್ಟಿತು. ಬೆರಳಿನ ಮೀಟರಿಗೆ ಅಷ್ಟು ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಅಂದರೆ ಮೀಟರ್ ಸರಿಯಾಗೇ ಇತ್ತು. ನಮ್ಮ ಎ1ಸಿ ಮಷೀನೂ ಸರಿಯಾಗಿತ್ತು, ಉತ್ತರ ಮೊದಲೇ ಗೊತ್ತಿರುವ ಮಾದರಿಗಳಿಂದ ಮಷೀನನ್ನು ಪರೀಕ್ಷಿಸುವ ಆ ದಿನದ ಕಂಟ್ರೋಲ್‌ಗಳನ್ನು ತೆಗೆದು ನೋಡಿದೆ. ಎರಡೂ ನಿಜವಾದರೆ ತಪ್ಪಿರಬೇಕಾದ್ದು ನಾನು ಹೇಳಿದ ಆ ವಾಕ್ಯವೇ.

ಅದನ್ನು ಬಿಡಿಸಿ ನೋಡಬೇಕಾದರೆ ಮೊದಲಿಂದ ಬರಬೇಕು.

ಗ್ಲೂಕೋಸ್ ಅಣು ನಮ್ಮ ರಕ್ತದಲ್ಲಿ ಬಹುಪಾಲು ಉಂಗುರದ ಹಾಗೆ ಸುತ್ತಿಕೊಂಡು ಇರುತ್ತದೆ. ಉಂಗುರವಾಗಿದ್ದಾಗ ಅದು ಸಾಧು ಪ್ರಾಣಿ, ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಆಗಾಗ ಉಂಗುರ ಬಿಚ್ಚಿಕೊಂಡು ನೇರ ಸರಪಳಿಯಾಗುತ್ತದೆ. ಯಾವುದೇ ಕ್ಷಣ ಹಿಡಿದು ನೋಡಿದರೂ ಲಕ್ಷ ಅಣುಗಳಲ್ಲಿ ಎರಡೋ ಮೂರೋ ಮಾತ್ರ ಹೀಗೆ ಬಿಚ್ಚಿಕೊಂಡಿರುತ್ತವೆ. ಬಿಚ್ಚಿಕೊಂಡ ತುದಿಯಲ್ಲಿರುವುದು ಆಲ್ಡಿಹೈಡ್ ಗುಂಪು. ಅದಕ್ಕೆ ಪ್ರೋಟೀನಿನ ಮೇಲಿರುವ ಅಮೈನೋ ಗುಂಪು ಸಿಕ್ಕರೆ ಹಿಡಿದುಕೊಳ್ಳುತ್ತದೆ. ಇಷ್ಟು ಕಡಿಮೆ ಬಿಚ್ಚಿಕೊಳ್ಳುವುದು ಗ್ಲೂಕೋಸಿನ ವಿಶೇಷ; ಅದರ ಜಾತಿಯ ಬೇರೆ ಸಕ್ಕರೆಗಳು ಇದಕ್ಕಿಂತ ಹೆಚ್ಚು ಬಿಚ್ಚಿಕೊಳ್ಳುತ್ತವೆ, ಪ್ರೋಟೀನಿಗೆ ಹೆಚ್ಚು ಅಂಟುತ್ತವೆ. ಜೀವಿಗಳು ರಕ್ತದಲ್ಲಿ ಹರಿಸಲು ಗ್ಲೂಕೋಸನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು 1981ರಲ್ಲಿ ಬನ್ ಮತ್ತು ಹಿಗ್ಗಿನ್ಸ್ ಎಂಬ ಇಬ್ಬರು ವಾದಿಸಿದ್ದರು. ನನಗೆ ಆ ವಾದ ಮೊದಲ ಸಲ ಓದಿದಾಗಿನಿಂದಲೂ ಇಷ್ಟ.

ಹೀಗೆ ಹಿಡಿದುಕೊಳ್ಳುವುದಕ್ಕೆ ಯಾವ ಕಿಣ್ವವೂ ಬೇಡ. ಇದು ಮುಖ್ಯ. ನಮ್ಮ ದೇಹ ಬೇಕೆಂದೇ ಎಷ್ಟೋ ಪ್ರೋಟೀನುಗಳಿಗೆ ಸಕ್ಕರೆಯ ಸರಗಳನ್ನು ಕಟ್ಟುತ್ತದೆ. ಅದಕ್ಕೆ ಕಿಣ್ವಗಳಿವೆ, ಜಾಗ ಗೊತ್ತು, ಉದ್ದೇಶವಿದೆ. ಅದು ಗ್ಲೈಕೋಸಿಲೇಷನ್. ಇದು ಹಾಗಲ್ಲ. ಸಕ್ಕರೆ ಇದೆ, ಪ್ರೋಟೀನ್ ಇದೆ, ಸಮಯ ಇದೆ, ಅಷ್ಟಕ್ಕೇ ತಾನಾಗಿ ಆಗಿಬಿಡುವ ರಸಾಯನ. ಅದಕ್ಕೇ ಇದನ್ನು ಗ್ಲೈಕೇಷನ್ ಎಂದು ಬೇರೆ ಹೆಸರಿನಿಂದ ಕರೆಯುತ್ತಾರೆ. ಕೆಲವು ರಿಪೋರ್ಟ್‌ಗಳ ಮೇಲೆ ಇವತ್ತಿಗೂ 'ಗ್ಲೈಕೋಸಿಲೇಟೆಡ್ ಹಿಮೋಗ್ಲೋಬಿನ್' ಎಂದೇ ಅಚ್ಚಾಗಿರುತ್ತದೆ. ಹಳೇ ಅಭ್ಯಾಸ, ಆದರೆ ತಪ್ಪು. ಕಿಣ್ವ ಇದ್ದಿದ್ದರೆ ಅದರ ಚುರುಕಿನ ಮೇಲೆ ಅಂಕಿ ಏರಿಳಿಯುತ್ತಿತ್ತು, ಸಕ್ಕರೆಯ ಅಳತೆಗೋಲಾಗಿ ಅದು ನಿಲ್ಲುತ್ತಲೇ ಇರಲಿಲ್ಲ.

ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಪಳಿ, ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯ ಮೊದಲ ಮಣಿ ವ್ಯಾಲೀನ್ ಎಂಬ ಅಮೈನೋ ಆಮ್ಲ. ಸರಪಳಿಯ ಆರಂಭವಾದ್ದರಿಂದ ಅದರ ಅಮೈನೋ ಗುಂಪು ಹೊರಗೆ ಚಾಚಿಕೊಂಡಿರುತ್ತದೆ. ಪ್ರೋಟೀನಿನ ಮೈತುಂಬ ಇನ್ನೊಂದು ಅಮೈನೋ ಆಮ್ಲವಾದ ಲೈಸೀನ್‌ಗಳೂ ಅಮೈನೋ ಗುಂಪು ಹಿಡಿದುಕೊಂಡೇ ನಿಂತಿವೆ. ಆದರೆ ರಕ್ತದ ಪಿಎಚ್‌ನಲ್ಲಿ ಅವುಗಳಲ್ಲಿ ಬಹುಪಾಲು ಹೆಚ್ಚಿನ ಪ್ರೋಟಾನ್ ಹೊತ್ತುಕೊಂಡಿರುತ್ತವೆ. ಹಾಗಿರುವ ಅಮೈನೋ ಗುಂಪಿಗೆ ಸಕ್ಕರೆ ಅಂಟುವುದಿಲ್ಲ. ತುದಿಯ ವ್ಯಾಲೀನ್ ಹೆಚ್ಚು ಹೊತ್ತು ಖಾಲಿ ಕೈಯಲ್ಲಿರುತ್ತದೆ. ಆ ಕಾರಣಕ್ಕೇ ಗ್ಲೂಕೋಸಿಗೆ ಅದು ಸುಲಭವಾಗಿ ಸಿಗುತ್ತದೆ.

ಅಂಟುವುದು ಎರಡು ಹಂತದಲ್ಲಿ. ಮೊದಲ ಹಂತದಲ್ಲಿ ಆಗುವ ಕೂಡಿಕೆಗೆ ಷಿಫ್ ಬೇಸ್ ಎನ್ನುತ್ತಾರೆ. ಅದು ಸಡಿಲ ಗಂಟು. ಕೆಲವೇ ಗಂಟೆಗಳಲ್ಲಿ ಆಗುತ್ತದೆ, ಸಕ್ಕರೆ ಇಳಿದರೆ ಕೆಲವೇ ಗಂಟೆಗಳಲ್ಲಿ ಬಿಚ್ಚಿಯೂ ಹೋಗುತ್ತದೆ. ಹಿಂದಿನ ಕಾಲದ ವಿಧಾನಗಳಲ್ಲಿ ಈ ಸಡಿಲ ಗಂಟುಗಳೂ ಎಣಿಕೆಗೆ ಸೇರಿ, ಆವತ್ತಿನ ಊಟದ ಮೇಲೆ ಎ1ಸಿ ಏರುಪೇರಾಗುವುದಿತ್ತು. ಅದನ್ನು ತಪ್ಪಿಸಲು ರಕ್ತಕಣಗಳನ್ನು ಸಲೈನಿನಲ್ಲಿ ಗಂಟೆಗಟ್ಟಲೆ ನೆನೆಹಾಕಿ ಗಂಟು ಬಿಚ್ಚಿಸಿ ಆಮೇಲೆ ಮಷೀನಿಗೆ ಹಾಕುತ್ತಿದ್ದರು. ಎರಡನೇ ಹಂತ ನಿಧಾನ. ಸಡಿಲವಾಗಿ ಅಂಟಿದ ಗಂಟುಗಳಲ್ಲಿ ಕೆಲವು, ಬಿಚ್ಚಿಹೋಗುವ ಮೊದಲೇ, ಒಳಗೇ ಹೈಡ್ರೋಜನ್ ಜಾಗ ಬದಲಿಸಿ, ಜೋಡಿ ಬಂಧ ಸರಿದು, ಕೀಟೋಅಮೈನ್ ಎಂಬ ಗಟ್ಟಿ ರೂಪಕ್ಕೆ ತಿರುಗುತ್ತವೆ. 1920ರ ದಶಕದಲ್ಲಿ ಇದನ್ನು ಗುರುತಿಸಿದ ಇಟಲಿಯ ಮಾರಿಯೋ ಅಮಡೋರಿಯ ಹೆಸರೇ ಈ ಜಾಗ ಬದಲಿಗೆ ನಿಂತಿದೆ. ಆ ರಕ್ತಕಣ ಬದುಕಿರುವಷ್ಟು ದಿನ ಈ ಗಂಟು ಬಿಚ್ಚುವುದಿಲ್ಲ ಎಂದೇ ಇಟ್ಟುಕೊಳ್ಳಬಹುದು. ನೂರು ಹಿಮೋಗ್ಲೋಬಿನ್ ಅಣುಗಳಲ್ಲಿ ಎಷ್ಟಕ್ಕೆ ಈ ಗಂಟು ಬಿದ್ದಿದೆ ಎನ್ನುವುದೇ ನಾವು ಅಳೆಯುವ ಎ1ಸಿ.

ಈ ಹೆಸರಿನ ಕಥೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ವ್ಯಾಲೀನಿಗೆ ಸಕ್ಕರೆ ಅಂಟಿದರೆ ಅಲ್ಲಿನ ಧನ ಆವೇಶ ಕುಗ್ಗುತ್ತದೆ. ಹಿಮೋಗ್ಲೋಬಿನ್ನನ್ನು ಆವೇಶದ ಮೇಲೆ ಬೇರ್ಪಡಿಸುವ ಕಾಲಮ್ಮಿನ ಮೂಲಕ ಹರಿಸಿದರೆ ಈ ಅಣುಗಳಿಗೆ ಹಿಡಿತ ಕಡಿಮೆ, ಬೇಗ ಹೊರಬೀಳುತ್ತವೆ. 1958ರಲ್ಲಿ ಹ್ಯೂಯಿಸ್‌ಮನ್ ಮತ್ತು ಮೇಯರಿಂಗ್ ಹೀಗೆ ಬೇರ್ಪಡಿಸಿದರು. ಮುಖ್ಯ ಹಿಮೋಗ್ಲೋಬಿನ್ನಿಗಿಂತ ಮೊದಲೇ ಇಳಿದು ಬಂದು ಗ್ರಾಫಿನಲ್ಲಿ ಕಾಣುವ ಸಣ್ಣ ಸಣ್ಣ ಗುಡ್ಡಗಳಿಗೆ ಎ1ಎ, ಎ1ಬಿ, ಎ1ಸಿ ಎಂದು ಹೆಸರಾಯಿತು. ಅಂದರೆ ಆ 'ಸಿ' ಬರೀ ಕ್ರಮಸಂಖ್ಯೆ. ಅದಾಗಿ ಹತ್ತು ವರ್ಷಕ್ಕೆ ತೆಹರಾನಿನಲ್ಲಿ ಸ್ಯಾಮುಯೆಲ್ ರಹ್‌ಬರ್ ರಕ್ತದ ಮಾದರಿಗಳಲ್ಲಿ ವಿಚಿತ್ರ ಹಿಮೋಗ್ಲೋಬಿನ್‌ಗಳನ್ನು ಹುಡುಕುತ್ತಿದ್ದಾಗ, ಒಂದು ಬಗೆಯ ಹೆಚ್ಚುವರಿ ಪಟ್ಟೆ ಸಕ್ಕರೆ ಕಾಯಿಲೆಯವರಲ್ಲೇ ಕಾಣಿಸುತ್ತಿದೆ ಎಂದು ಗಮನಿಸಿದರು. ಅದು ಶುಗರ್ ಹತೋಟಿಯ ಅಳತೆಗೋಲಾಗಬಲ್ಲದು ಎಂದು ತೋರಿಸಿದ ಕೇನಿಗ್, ಸೆರಾಮಿ ಮತ್ತು ಸಂಗಡಿಗರ ಲೇಖನ ಬಂದದ್ದು 1976ರಲ್ಲಿ.

ಸರಿ, ಸಕ್ಕರೆ ಅಂಟುತ್ತದೆ. ಅದರಿಂದ ಸರಾಸರಿ ಹೇಗೆ ಸಿಗುತ್ತದೆ? ಇಲ್ಲಿ ಕೆಂಪು ರಕ್ತಕಣದ ಸ್ವಭಾವ ಕೆಲಸ ಮಾಡುತ್ತದೆ. ಸ್ನಾಯುವಿನ ಒಳಕ್ಕೆ ಗ್ಲೂಕೋಸ್ ಹೋಗಬೇಕಾದರೆ ಇನ್ಸುಲಿನ್ ಬಾಗಿಲು ತೆರೆಸಬೇಕು. ಕೆಂಪು ಕಣದ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಹೊರಗೆ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಒಳಗೂ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಹಾಗಾಗಿ ಹಳೆಯ ಹಿಮೋಗ್ಲೋಬಿನ್ ತೆಗೆದು ಹೊಸದು ಮಾಡಿ ಹಾಕಿಕೊಳ್ಳಲಾರದು. ಹುಟ್ಟುವಾಗ ತಂದದ್ದನ್ನೇ ಇಟ್ಟುಕೊಂಡು ಸುಮಾರು 120 ದಿನ ತಿರುಗಾಡಿ ಹೋಗುತ್ತದೆ. ಪ್ರತಿ ದಿನ ಅವತ್ತಿನ ಸಕ್ಕರೆಗೆ ತಕ್ಕಷ್ಟು ಹಿಮೋಗ್ಲೋಬಿನ್‌ಗೆ ಗುರುತು ಬೀಳುತ್ತದೆ. ಜೋರಾಗಿ ಏರಿದವರಲ್ಲೂ ನೂರಕ್ಕೆ ತೊಂಬತ್ತು ಅಣುಗಳಿಗೆ ಇನ್ನೂ ಗುರುತೇ ಬಿದ್ದಿರುವುದಿಲ್ಲ, ಹಾಗಾಗಿ ಜಾಗ ಮುಗಿಯಿತು ಎನ್ನುವ ಪ್ರಶ್ನೆಯೂ ಇಲ್ಲ. ಸಕ್ಕರೆ ಎರಡರಷ್ಟಾದರೆ ಹೊಸದಾಗಿ ಬೀಳುವ ಗುರುತೂ ಎರಡರಷ್ಟು.

ಇದನ್ನು ಮೇಷ್ಟ್ರ ಮುಂದೆ ಇದೇ ರೀತಿ ಹೇಳಿದೆ. ಅವರು ನೋಟ್‌ಬುಕ್ಕಿನ ಹಿಂದಿನ ಖಾಲಿ ಪುಟ ತೆರೆದು, "ಹಾಗಾದ್ರೆ ಇದು ಮೂರು ತಿಂಗಳ ಸರಾಸರಿ ಹೇಗಾಗುತ್ತಮ್ಮಾ? ಎಲ್ಲ ದಿನಕ್ಕೂ ಒಂದೇ ತೂಕ ಬರಲ್ಲವಲ್ಲ" ಅಂದರು. ಪೆನ್ನು ಆಗಲೇ ಓಡುತ್ತಿತ್ತು. ಅವರು ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ, ಏಕೆಂದರೆ ನಾನು ಓದಿದ ಎಷ್ಟೋ ವಿವರಣೆಗಳಿಗಿಂತ ಅದೇ ತಿಳಿಯಾಗಿತ್ತು.

120 ರಕ್ತಕಣ ಇವೆ ಎಂದುಕೊಳ್ಳಿ. ಒಂದಕ್ಕೆ ಒಂದು ದಿನದ ವಯಸ್ಸು, ಮುಂದಿನದಕ್ಕೆ ಎರಡು ದಿನ, ಹೀಗೆ ಕೊನೆಯದಕ್ಕೆ 120. ಇವತ್ತು ಬೀಳುವ ಗುರುತು 120 ಕಣಗಳ ಮೇಲೂ ಬೀಳುತ್ತದೆ. ಮೂವತ್ತು ದಿನದ ಹಿಂದೆ ಬಿದ್ದ ಗುರುತು ಅಷ್ಟರಲ್ಲಾಗಲೇ ಹುಟ್ಟಿದ್ದು ಇವತ್ತಿಗೂ ಉಳಿದಿರುವ ಕಣಗಳಲ್ಲಿ ಮಾತ್ರ ಇರುತ್ತದೆ, ಅವು 90. ಅರವತ್ತು ದಿನದ ಹಿಂದಿನದಕ್ಕೆ ಸಾಕ್ಷಿ ಹೇಳಲು 60 ಕಣ ಉಳಿದಿವೆ. ನೂರು ದಿನದ ಹಿಂದೆ ಶುಗರ್ ಎಷ್ಟಿತ್ತು ಎಂದು ಕೇಳಿದರೆ ಹೇಳಬಲ್ಲವು 20 ಮಾತ್ರ. ಇಳಿಜಾರು ಗೆರೆಯೊಂದನ್ನು ಎಳೆದು ಕೆಳಗಿನ ವಿಸ್ತೀರ್ಣವನ್ನು ತಿಂಗಳ ಲೆಕ್ಕದಲ್ಲಿ ಹಂಚಿದರೆ, ಇತ್ತೀಚಿನ 30 ದಿನಕ್ಕೆ ನೂರರಲ್ಲಿ ಸುಮಾರು 44 ಪಾಲು, ಅದರ ಹಿಂದಿನ ತಿಂಗಳಿಗೆ 31, ಅದಕ್ಕೂ ಹಿಂದಿನದಕ್ಕೆ 19, ಎಲ್ಲಕ್ಕಿಂತ ಹಳೆಯ ತಿಂಗಳಿಗೆ 6. ಪುಸ್ತಕಗಳಲ್ಲಿ 'ಅರ್ಧ ಪಾಲು ಕಳೆದ ತಿಂಗಳದ್ದು' ಎಂದು ಬರೆದಿರುವುದು ಇದಕ್ಕೆ ಹತ್ತಿರವೇ ಇದೆ.

ಈ ತೂಕಗಳು ಗೊತ್ತಿದ್ದರೆ ದಿನನಿತ್ಯದ ಒಂದು ಗೊಂದಲ ಬಗೆಹರಿಯುತ್ತದೆ. ಒಬ್ಬರ ಸರಾಸರಿ ಶುಗರ್ ಬಹಳ ಕಾಲದಿಂದ 220 ಇತ್ತು, ಔಷಧಿ ಶುರುವಾದ ದಿನದಿಂದಲೇ 110ಕ್ಕೆ ಇಳಿದು ಅಲ್ಲೇ ನಿಂತಿತು ಅಂದುಕೊಳ್ಳೋಣ. ಸರಾಸರಿಯನ್ನೂ ಎ1ಸಿಯನ್ನೂ ಹೊಂದಿಸಲು ಎಲ್ಲರೂ ಬಳಸುವ ಸೂತ್ರ 2008ರಲ್ಲಿ ಬಂದದ್ದು, ಅದರಲ್ಲಿ eAG ಎಂದರೆ ಅಂದಾಜು ಸರಾಸರಿ ಶುಗರ್:

```
eAG (mg/dL) = 28.7 × A1c − 46.7
```

ಅದರ ಪ್ರಕಾರ 220ಕ್ಕೆ ಎ1ಸಿ 9.3, 110ಕ್ಕೆ 5.5. ಆದರೆ ಔಷಧಿ ಶುರುವಾಗಿ ತಿಂಗಳಿಗೆ ಟೆಸ್ಟ್ ಮಾಡಿಸಿದರೆ, 44 ಪಾಲು 110ರದ್ದು, 56 ಪಾಲು 220ರದ್ದು ಸೇರಿ ತೂಕದ ಸರಾಸರಿ 172, ಎ1ಸಿ 7.6 ಬರುತ್ತದೆ. ಎರಡು ತಿಂಗಳಿಗೆ 6.4. ಮೂರಕ್ಕೆ 5.7. ಒಂದು ತಿಂಗಳು ಪಥ್ಯ ಮಾಡಿ 7.6 ನೋಡಿ ಬೇಸರಪಟ್ಟುಕೊಳ್ಳುವವರನ್ನು ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅವರ ಶುಗರ್ ಆಗಲೇ ನೆಟ್ಟಗಾಗಿದೆ, ಹಳೇ ಕಣಗಳು ಹಳೇ ಕಥೆ ಹೇಳುತ್ತಿವೆ ಅಷ್ಟೆ. ಹಾಗೆಯೇ ಟೆಸ್ಟಿಗೆ ಎರಡು ದಿನ ಮೊದಲು ಮಾಡಿದ ಪಥ್ಯದಿಂದ ಎ1ಸಿ ಇಳಿಯುವುದೂ ಇಲ್ಲ.

ಮೇಷ್ಟ್ರು ಲೆಕ್ಕ ಮುಗಿಸಿ ತಮ್ಮದಕ್ಕೆ ಬಂದರು. ಅವರ ಶುಗರ್ ಎರಡು ವರ್ಷದಿಂದ 200ರ ಸುತ್ತಲೇ ಇದೆ, ಹಾಗಾಗಿ ತೂಕದ ಗೋಜೇ ಇಲ್ಲ. ಸೂತ್ರದಲ್ಲಿ 200 ಹಾಕಿದರೆ 8.6 ಬರಬೇಕು. ಬಂದಿರುವುದು 5.4. ಅವರ ಸರಾಸರಿಯಲ್ಲಿ ಒಂದು ತಕರಾರು ತೆಗೆಯಬಹುದಿತ್ತು: ಬರೀ ಬೆಳಿಗ್ಗೆ ಮತ್ತು ಊಟವಾದ ಮೇಲೆ ನೋಡಿದ ಅಂಕಿಗಳ ಸರಾಸರಿ ಇಡೀ ದಿನದ ಸರಾಸರಿಗೆ ಸಮ ಅಲ್ಲ, ಸ್ವಲ್ಪ ಮೇಲೆ ವಾಲಿರಬಹುದು. ಸೂತ್ರವೂ ಎಲ್ಲರಿಗೂ ಕರಾರುವಾಕ್ಕಲ್ಲ. ಎ1ಸಿ 7 ಬಂದವರ ಸರಾಸರಿ ಸೂತ್ರದ ಪ್ರಕಾರ 154, ಆದರೆ ನಿಜವಾದ ಜನರಲ್ಲಿ ಅದು 123ರಿಂದ 185ರವರೆಗೂ ಹರಡಿಕೊಂಡಿರುತ್ತದೆ. ಅಷ್ಟೆಲ್ಲ ರಿಯಾಯಿತಿ ಕೊಟ್ಟರೂ 8.6ಕ್ಕೂ 5.4ಕ್ಕೂ ಸೇತುವೆ ಕಟ್ಟಲಾಗುವುದಿಲ್ಲ. ಅವರು ಪೆನ್ನನ್ನು 120ರ ಮೇಲಿಟ್ಟು ಕೇಳಿದರು: "ಇದು ಎಲ್ಲರಿಗೂ 120ಏ ಇರುತ್ತೇನಮ್ಮಾ?"

ಇಷ್ಟು ವರ್ಷ ಲ್ಯಾಬಿನಲ್ಲಿ ಕೂತವಳಿಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು.

ಆದರೂ ಮೊದಲು ನನ್ನ ಅನುಮಾನ ಹೋದದ್ದು ಬೇರೆ ಕಡೆಗೆ. ಹುಟ್ಟಿನಿಂದಲೇ ಹಿಮೋಗ್ಲೋಬಿನ್ನಿನ ರೂಪ ಬೇರೆ ಇರುವವರಿದ್ದಾರೆ, ಎಸ್, ಇ, ಡಿ ಎಂದೆಲ್ಲ ಅದಕ್ಕೆ ಅಕ್ಷರಗಳು. ಅಂಥವರಲ್ಲಿ ಕೆಲವು ಮಷೀನುಗಳು ಗುಡ್ಡಗಳನ್ನು ಅದಲುಬದಲು ಎಣಿಸಿ ಸುಳ್ಳು ಅಂಕಿ ಕೊಡುತ್ತವೆ. ಮೇಷ್ಟ್ರ ಗ್ರಾಫನ್ನು ಮತ್ತೆ ತೆರೆದು ನೋಡಿದೆ. ಒಂದೊಂದು ಗುಡ್ಡವೂ ಅದರದರ ಜಾಗದಲ್ಲಿ, ಅದರದರ ಸಮಯಕ್ಕೆ ಇತ್ತು. ಅನ್ಯ ಗುಡ್ಡ ಒಂದೂ ಇರಲಿಲ್ಲ. ಎ1ಸಿಯ ಗುಡ್ಡ ಮಾತ್ರ ನಿಜವಾಗಿಯೂ ಚಿಕ್ಕದಾಗಿತ್ತು. ಮಷೀನು ಕಂಡದ್ದನ್ನು ಸರಿಯಾಗಿಯೇ ಎಣಿಸಿದೆ.

ಆಮೇಲೆ ಅದೇ ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಇನ್ನೂ ಫ್ರಿಜ್ಜಿನಲ್ಲಿತ್ತು, ಅದನ್ನು ರಕ್ತಕಣ ಎಣಿಸುವ ಮಷೀನಿಗೆ ಕೊಟ್ಟೆ. ಹಿಮೋಗ್ಲೋಬಿನ್ 11.4, ಅಂದರೆ ಗಂಡಸಿಗೆ ಸ್ವಲ್ಪ ಕಡಿಮೆ. ವಯಸ್ಸಾದವರಲ್ಲಿ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳದ ಕೊರತೆ. ಆದರೆ ಎಂಸಿಎಚ್‌ಸಿ 36.8 ಇತ್ತು. ಒಂದೊಂದು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ಒತ್ತಾಗಿ ತುಂಬಿದೆ ಎನ್ನುವ ಈ ಅಳತೆ ಸಾಮಾನ್ಯವಾಗಿ 36ರ ಮೇಲೆ ಹೋಗುವುದಿಲ್ಲ. ಹೋಯಿತೆಂದರೆ ಒಂದೋ ಮಾದರಿಯಲ್ಲಿ ದೋಷ, ಇಲ್ಲವೇ ಕಣಗಳ ಆಕಾರದಲ್ಲಿ. ಗಾಜಿನ ಸ್ಲೈಡಿನ ಮೇಲೆ ರಕ್ತ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆರೋಗ್ಯವಂತ ಕೆಂಪು ಕಣ ನಡುವೆ ತಗ್ಗಿದ ತಟ್ಟೆಯ ಹಾಗೆ, ಮಧ್ಯದಲ್ಲಿ ಬಿಳಿಚಿಕೊಂಡಿರುತ್ತದೆ. ಮೇಷ್ಟ್ರ ಸ್ಲೈಡಿನಲ್ಲಿ ಹಲವು ಕಣಗಳು ಬಿಳಿಚಿದ ನಡುಭಾಗವೇ ಇಲ್ಲದೆ, ಸಣ್ಣದಾಗಿ, ದುಂಡಗೆ, ಗಾಢವಾಗಿ ಕಂಡವು. ಎಳೆಯ ಕಣಗಳನ್ನು ಬೇರೆ ಬಣ್ಣ ಹಾಕಿ ಎಣಿಸಿದರೆ ನೂರಕ್ಕೆ ಆರೂವರೆ. ಇರಬೇಕಾದ್ದು ಒಂದರಿಂದ ಎರಡು. ಮಜ್ಜೆ ಅವಸರದಿಂದ ಹೊಸ ಕಣ ಹೊರತಳ್ಳುತ್ತಿದೆ ಎಂದರೆ ಹಳೆಯವು ಎಲ್ಲೋ ಬೇಗ ಬೇಗ ಒಡೆಯುತ್ತಿವೆ.

ಮೇಷ್ಟ್ರನ್ನು ಕೇಳಿದೆ. ಮೂವತ್ತರ ಹರೆಯದಲ್ಲೇ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತಂತೆ. ಕಣ್ಣು ಆಗಾಗ ಸ್ವಲ್ಪ ಹಳದಿಯಾಗುತ್ತದೆ, ಅಪ್ಪನಿಗೂ ಹಾಗೇ ಇತ್ತು, ಅದು ಮೈಯ ಗುಣ ಎಂದುಕೊಂಡಿದ್ದರಂತೆ. ಅವರನ್ನು ರಕ್ತರೋಗದ ವೈದ್ಯರ ಬಳಿಗೆ ಕಳಿಸಿದ್ದಾಯಿತು. ಖಚಿತಪಡಿಸುವ ಪರೀಕ್ಷೆಗಳಾದವು. ವಂಶಪಾರಂಪರ್ಯವಾಗಿ ಬರುವ ಸ್ಫೆರೋಸೈಟೋಸಿಸ್, ಸೌಮ್ಯ ಸ್ವರೂಪದ್ದು. ಕಣದ ಪೊರೆಗೆ ಒಳಗಿಂದ ಆಸರೆ ಕೊಡುವ ಪ್ರೋಟೀನುಗಳಲ್ಲಿ ಹುಟ್ಟಾ ದೋಷ. ತಟ್ಟೆಯಂತೆ ಬಾಗಿ ಬಳುಕಬೇಕಾದ ಕಣ ಚೆಂಡಾಗುತ್ತದೆ, ಹಳೆಯ ರಕ್ತಕಣಗಳನ್ನು ಸೋಸುವ ಅಂಗವಾದ ಗುಲ್ಮದ ಸಂದುಗಳಲ್ಲಿ ನುಸುಳಲಾರದೆ ಸಿಕ್ಕಿಬೀಳುತ್ತದೆ, ವಯಸ್ಸು ಮುಗಿಯುವ ಮೊದಲೇ ನಾಶವಾಗುತ್ತದೆ. ಮಜ್ಜೆ ಹೊಂದಿಸಿಕೊಂಡು ಹೋಗುತ್ತದೆ, ಹಾಗಾಗಿ ಎಪ್ಪತ್ತರ ಹತ್ತಿರ ಬರುವವರೆಗೂ ಅವರಿಗೆ ಇದು ಗೊತ್ತಾಗದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಈಗ ಲೆಕ್ಕ ಕೂಡಿತು. ಶುಗರ್ ಒಂದೇ ಮಟ್ಟದಲ್ಲಿದ್ದರೆ ಎ1ಸಿ ನಿಲ್ಲುವುದು ಕಣಗಳ ಸರಾಸರಿ ವಯಸ್ಸಿನ ಮೇಲೆ. 120 ದಿನ ಬದುಕುವ ಕಣಗಳ ಗುಂಪಿನ ಸರಾಸರಿ ವಯಸ್ಸು 60 ದಿನ. 75 ದಿನಕ್ಕೇ ಸಾಯುವ ಗುಂಪಿನದು ಮೂವತ್ತೇಳೂವರೆ. ಗುರುತು ಬೀಳುವ ವೇಗ ಒಂದೇ ಇದ್ದರೂ ಬೀಳಲು ಸಿಕ್ಕ ದಿನ ಕಡಿಮೆ. 8.6ನ್ನು 75ರಿಂದ ಗುಣಿಸಿ 120ರಿಂದ ಭಾಗಿಸಿದರೆ 5.4. ಮೇಷ್ಟ್ರ ಕಣಗಳು ಕರಾರುವಾಕ್ಕಾಗಿ 75 ದಿನ ಬದುಕುತ್ತಿದ್ದವು ಎಂದು ಇದರಿಂದ ಸಾಧಿಸಲಾಗದು. ಗುಲ್ಮ ಕಣಗಳನ್ನು ವಯಸ್ಸು ನೋಡಿ ಹಿಡಿಯುವುದಿಲ್ಲ, ಕೆಲವು ಇನ್ನೂ ಬೇಗ, ಕೆಲವು ತಡವಾಗಿ ಹೋಗುತ್ತವೆ. ಆದರೆ ಅಷ್ಟು ದೊಡ್ಡ ಅಂತರ ಬರಲು ಆಯಸ್ಸು ಎಷ್ಟರಮಟ್ಟಿಗೆ ಕುಗ್ಗಿರಬೇಕು ಎನ್ನುವುದಕ್ಕೆ ಈ ಅಂದಾಜು ಸಾಕು. ಅವರು 75ಕ್ಕೆ ಸುತ್ತು ಹಾಕಿ ಕೆಳಗೆ ಎರಡು ಗೆರೆ ಎಳೆದರು, ಪರೀಕ್ಷೆಯಲ್ಲಿ ಉತ್ತರ ಬರೆದು ಮುಗಿಸಿದವರ ಹಾಗೆ.

ಎ1ಸಿ ನಂಬುವಂತಿಲ್ಲ ಎಂದಮೇಲೆ ಬೇರೆ ಯಾವುದನ್ನು ನೋಡುವುದು? ಅದೇ ರಸಾಯನ ರಕ್ತದ ದ್ರವಭಾಗದ ಪ್ರೋಟೀನುಗಳಿಗೂ, ಮುಖ್ಯವಾಗಿ ಆಲ್ಬ್ಯುಮಿನ್‌ಗೂ, ಆಗುತ್ತಲೇ ಇರುತ್ತದೆ. ಅದನ್ನು ಅಳೆಯುವ ಪರೀಕ್ಷೆಗೆ ಫ್ರಕ್ಟೋಸಮೈನ್ ಎನ್ನುತ್ತಾರೆ. ಹೆಸರು ಕೇಳಿ ಹಣ್ಣಿನ ಸಕ್ಕರೆ ಎಂದುಕೊಳ್ಳಬೇಡಿ. ಗ್ಲೂಕೋಸ್ ಪ್ರೋಟೀನಿಗೆ ಅಂಟಿ ಅಮಡೋರಿ ಹಂತ ದಾಟಿದಾಗ ಅದರ ರಚನೆ ಫ್ರಕ್ಟೋಸಿನ ಹಾಗಾಗುತ್ತದೆ, ಆ ಹೆಸರು ಅದಕ್ಕೆ. ಆಲ್ಬ್ಯುಮಿನ್ನಿನಲ್ಲಿ ಅರ್ಧ ಸುಮಾರು ಮೂರು ವಾರದೊಳಗೆ ಬದಲಾಗಿಬಿಡುತ್ತದೆ, ಆದ್ದರಿಂದ ಇದು ಎರಡು ಮೂರು ವಾರದ ಕಥೆಯನ್ನಷ್ಟೇ ಹೇಳುತ್ತದೆ. ಕೆಂಪು ಕಣ ಎಷ್ಟು ದಿನ ಬದುಕಿದರೂ ಇದಕ್ಕೆ ಸಂಬಂಧವಿಲ್ಲ. ಮೇಷ್ಟ್ರದು 410 ಬಂತು, ನಮ್ಮ ಲ್ಯಾಬಿನ ಮೇಲಿನ ಮಿತಿ 285. ನೋಟ್‌ಬುಕ್ ಹೇಳುತ್ತಿದ್ದುದನ್ನೇ ಇದೂ ಹೇಳಿತು. ಇದಕ್ಕೂ ಅದರದೇ ಬಲಹೀನತೆ ಇದೆ: ಮೂತ್ರದಲ್ಲಿ ಆಲ್ಬ್ಯುಮಿನ್ ಹೆಚ್ಚಾಗಿ ಸೋರಿಹೋಗುವವರಲ್ಲಿ, ಲಿವರ್ ಕೆಟ್ಟವರಲ್ಲಿ ಇದೂ ದಾರಿ ತಪ್ಪಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಕಣ್ಣಿನ ವೈದ್ಯರ ಚೀಟಿ. ಅಕ್ಷಿಪಟಲದ ಸಣ್ಣ ರಕ್ತನಾಳಗಳಲ್ಲಿ ಸೂಜಿಮೊನೆಯಷ್ಟು ಉಬ್ಬುಗಳು, ಸಕ್ಕರೆ ಕಾಯಿಲೆಯ ಮೊದಲ ಗುರುತು. ರಕ್ತಕಣವೇನೋ ಗುರುತು ಬಿದ್ದ ಹಿಮೋಗ್ಲೋಬಿನ್ನನ್ನು ಹೊತ್ತುಕೊಂಡು 75 ದಿನಕ್ಕೆ ಹೊರಟುಹೋಯಿತು. ಆದರೆ ರಕ್ತನಾಳದ ಗೋಡೆಯ ಕೊಲ್ಯಾಜನ್ ಎಂಬ ಪ್ರೋಟೀನ್ ಎಲ್ಲಿಗೂ ಹೋಗುವುದಿಲ್ಲ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಕಣ್ಣಿನ ಮಸೂರದ ನಡುವಿನ ಕ್ರಿಸ್ಟಲಿನ್ ಪ್ರೋಟೀನಂತೂ ಹುಟ್ಟಿದಾಗಿನದೇ ಕೊನೆಯವರೆಗೂ. ಅಲ್ಲಿ ಅಮಡೋರಿ ಹಂತಕ್ಕೆ ಕಥೆ ಮುಗಿಯುವುದಿಲ್ಲ. ಅಂಟಿದ ಸಕ್ಕರೆ ಆಕ್ಸಿಡೀಕರಣಗೊಂಡು, ಒಡೆದು, ಮತ್ತೆ ಕೂಡಿ, ತಿಂಗಳು ವರ್ಷಗಳ ಮೇಲೆ ಬೇರೆಯೇ ವಸ್ತುಗಳಾಗುತ್ತದೆ. ಅವುಗಳಲ್ಲಿ ಕೆಲವು, ಉದಾಹರಣೆಗೆ ಗ್ಲೂಕೋಸ್‌ಪೇನ್, ಪಕ್ಕಪಕ್ಕದ ಎರಡು ಕೊಲ್ಯಾಜನ್ ಎಳೆಗಳನ್ನು ಅಡ್ಡ ಹೊಲಿಗೆ ಹಾಕಿದಂತೆ ಬಿಗಿಯುತ್ತವೆ, ಗೋಡೆ ಗಡುಸಾಗುತ್ತದೆ. ಅಡುಗೆಯಲ್ಲಿ ಬಿಸಿಗೆ ಕಂದು ಬಣ್ಣ ತರಿಸುವ, 1912ರಲ್ಲಿ ಮಯ್ಯಾರ್ ವಿವರಿಸಿದ ಪ್ರತಿಕ್ರಿಯೆಯೇ ಇದು, ಮೈಯ ಬಿಸಿಯಲ್ಲಿ ನಿಧಾನವಾಗಿ ನಡೆಯುವುದು. ಸಕ್ಕರೆ ಕಾಯಿಲೆಯ ಹಾನಿಗೆ ಇದೊಂದೇ ದಾರಿಯಲ್ಲ, ಬೇರೆಯವೂ ಇವೆ. ಆದರೆ ಮೇಷ್ಟ್ರ ವಿಷಯದಲ್ಲಿ ನನಗೆ ಕಂಡದ್ದು ಇಷ್ಟು: ನಮ್ಮ ರಿಪೋರ್ಟು 5.4 ಎಂದು ಹೇಳುತ್ತಿದ್ದ ಎರಡು ವರ್ಷ ಪೂರ್ತಿ ಅವರ ಕಣ್ಣು 200ರಲ್ಲೇ ನೆನೆಯುತ್ತಿತ್ತು.

ಆಮೇಲಿಂದ ನಾನು ಕೌಂಟರಿನಲ್ಲಿ ಕೂರುವ ಹುಡುಗರಿಗೆ ಒಂದು ಅಭ್ಯಾಸ ಹಾಕಿಸಿದೆ. ಎ1ಸಿಗೂ ಅದೇ ದಿನದ ಖಾಲಿ ಹೊಟ್ಟೆ ಶುಗರಿಗೂ ಹೊಂದಿಕೆ ಇಲ್ಲದಿದ್ದರೆ ರಿಪೋರ್ಟ್ ಕಳಿಸುವ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರಾ, ಡಯಾಲಿಸಿಸ್ ನಡೆಯುತ್ತಿದೆಯಾ, ಗರ್ಭಿಣಿಯಾ ಎಂದು ಕೇಳಿ, ಗ್ರಾಫ್ ತೆರೆದು ನೋಡಿ. ಸಿಕ್ಕಿಬಿದ್ದದ್ದು ಹೆಚ್ಚಾಗಿ ಉಲ್ಟಾ ದಿಕ್ಕಿನವು. ಕಬ್ಬಿಣದ ಕೊರತೆ ಇರುವ ಹೆಂಗಸರಲ್ಲಿ ಶುಗರ್ ಅಷ್ಟಿಲ್ಲದಿದ್ದರೂ ಎ1ಸಿ 6ರ ಮೇಲೆ ಬಂದು, ಕಬ್ಬಿಣದ ಮಾತ್ರೆ ತೆಗೆದುಕೊಂಡ ಕೆಲವು ತಿಂಗಳಿಗೆ ತಾನಾಗಿ ಇಳಿದಿರುವುದನ್ನು ನೋಡಿದ್ದೇನೆ. ಹೊಸ ಕಣ ಹುಟ್ಟುವುದು ಕಡಿಮೆಯಾಗಿ ರಕ್ತದಲ್ಲಿ ಹಳೆಯವೇ ಹೆಚ್ಚಾಗಿರುತ್ತವೆ, ಮಾತ್ರೆ ಕೊಟ್ಟಾಗ ಎಳೆಯ ಕಣಗಳ ದಂಡೇ ಬರುತ್ತದೆ.

ಮೇಷ್ಟ್ರಿಗೆ ಈಗ ಔಷಧಿ ಶುರುವಾಗಿದೆ. ಗುಲ್ಮ ತೆಗೆಸುವಷ್ಟು ಅವರ ರಕ್ತ ಕೆಟ್ಟಿಲ್ಲ, ಹಾಗಾಗಿ ಅದನ್ನು ಮುಟ್ಟಿಲ್ಲ. "ಅಕಸ್ಮಾತ್ ತೆಗೆಸಿದ್ರೆ ಕಣ ಪೂರ್ತಿ ಬದುಕುತ್ತೆ, ಶುಗರ್ ಬದಲಾಗದೇ ಎ1ಸಿ ಮೇಲೆ ಹೋಗುತ್ತೆ, ಅಲ್ವೇನಮ್ಮಾ?" ಎಂದು ಹೋದ ಸಲ ಕೇಳಿದರು. ಹೌದು ಸರ್ ಅಂದೆ. ನೋಟ್‌ಬುಕ್ಕಿನಲ್ಲಿ ಎ1ಸಿಗೆಂದು ಇಟ್ಟಿದ್ದ ಕಂಬಸಾಲಿನ ತಲೆಬರಹಕ್ಕೆ ಸ್ಕೇಲ್ ಇಟ್ಟು ಗೆರೆ ಹೊಡೆದು, ಅದರ ಮೇಲೆ ಫ್ರಕ್ಟೋಸಮೈನ್ ಎಂದು ಬರೆದುಕೊಂಡಿದ್ದಾರೆ. ಕಳೆದ ವಾರ ಅದರ ಕೆಳಗೆ 318 ಸೇರಿತು.